ಎಸಿಯ ಮುಖ ತೆಗೆಯುವ ಮೊದಲು

ಏಪ್ರಿಲ್ ಬಂತೆಂದರೆ ನಾಸಿಕದಲ್ಲಿ ಎಸಿ ಮೆಕ್ಯಾನಿಕ್ ಸಿಗುವುದು, ಮದುವೆ ಸೀಸನ್ನಿನಲ್ಲಿ ಊರ ಕಡೆ ಅಡುಗೆಭಟ್ಟರು ಸಿಕ್ಕಷ್ಟೇ ಕಷ್ಟ. ಫೋನ್ ಎತ್ತಿದರೂ "ದೋನ್ ದಿವಸ್ ಥಾಂಬಾ" ಎನ್ನುತ್ತಾರೆ, ಆ ಎರಡು ದಿನ ಎಂಟು ದಿನವಾಗುತ್ತದೆ. ಕೊನೆಗೆ ಬಂದವರು ಮಾಡುವ ಕೆಲಸ ಬಹಳ ಸಲ ಒಂದೇ: ಮುಂದಿನ ಪ್ಯಾನಲ್ ಎತ್ತಿ, ಒಳಗಿನ ಎರಡು ಜಾಳಿ ಹೊರಗೆ ತೆಗೆದು, ಬಾತ್‌ರೂಮಿನಲ್ಲಿ ತೊಳೆದು, ಮತ್ತೆ ಹಾಕುವುದು. ಇಷ್ಟನ್ನು ನಾವೇ ಮಾಡಿಕೊಳ್ಳಬಹುದು ಎಂದು ಎಲ್ಲರಿಗೂ ಗೊತ್ತು. ಆದರೂ ನಮ್ಮ ಬಳಗದಲ್ಲಿ ಅರ್ಧಕ್ಕರ್ಧ ಜನ ಮಾಡುವುದಿಲ್ಲ. ಕಾರಣ ಸೋಮಾರಿತನ ಅಲ್ಲ, ಆ "ಟಕ್" ಎನ್ನುವ ಸದ್ದಿನ ಭಯ. ಅದು ತೆರೆದ ಸದ್ದೋ, ಮುರಿದ ಸದ್ದೋ?

ಈ ಬರಹ ಆ ಸದ್ದಿನ ಬಗ್ಗೆಯೇ. ಜಾಳಿ ತೊಳೆಯುವುದು ಹೇಗೆಂದು ಎಸಿಯ ಜೊತೆ ಬರುವ ಪುಸ್ತಕದಲ್ಲೇ ಇದೆ. ಪ್ಯಾನಲ್ ತೆಗೆಯುವುದರ ಬಗ್ಗೆ ಮಾತ್ರ ಆ ಪುಸ್ತಕ ಒಂದು ಬಾಣದ ಗುರುತು ಹಾಕಿ ಸುಮ್ಮನಾಗುತ್ತದೆ. ನಾನು ದಿನದ ಎಂಟು-ಹತ್ತು ತಾಸು ಎಸಿಯ ಕೆಳಗೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವನು. ನಾಸಿಕದ ನಮ್ಮ ಮನೆಯ ಒಂದು ಹಳೆಯ ಎಸಿ, ಛತ್ರಪತಿ ಸಂಭಾಜಿನಗರದ ಸಿಡ್ಕೊದಲ್ಲಿರುವ ಅಕ್ಕನ ಮನೆಯ ಒಂದು ಹೊಸ ಎಸಿ, ಇವೆರಡನ್ನು ಕೆಲವು ವರ್ಷಗಳಿಂದ ನಾನೇ ಬಿಚ್ಚಿ ತೊಳೆಯುತ್ತಿದ್ದೇನೆ. ಎರಡೂ ಸ್ಪ್ಲಿಟ್ ಎಸಿಗಳೇ, ಆದರೆ ಎರಡೂ ತೆರೆಯುವ ರೀತಿ ಬೇರೆ. ಒಂದರ ರೀತಿಯನ್ನು ಇನ್ನೊಂದರ ಮೇಲೆ ಪ್ರಯೋಗಿಸಿದರೆ ಲಾಕ್ ಹೋಯಿತೆಂದೇ ಲೆಕ್ಕ.

ಮೊದಲು ಯಾವ ಗೆರೆಯನ್ನು ಹಿಡಿಯಬೇಕು ಎನ್ನುವುದು. ಗೋಡೆಯ ಮೇಲಿನ ಯೂನಿಟ್ಟನ್ನು ಪಕ್ಕದಿಂದ ನೋಡಿದರೆ ಪ್ಲಾಸ್ಟಿಕ್ಕಿನಲ್ಲಿ ಎರಡು ಸಂದುಗಳು ಕಾಣುತ್ತವೆ. ಒಂದು ಮುಂದಿನದು, ತೆಳುವಾದ ಪ್ಯಾನಲ್‌ಗೂ ಅದರ ಹಿಂದಿನ ಬಾಡಿಗೂ ನಡುವಿನ ಸಂದು. ಇನ್ನೊಂದು ಹಿಂದಿನದು, ಬಾಡಿಗೂ ಗೋಡೆಯ ಕಡೆಯ ಭಾಗಕ್ಕೂ ನಡುವಿನದು. ನಮಗೆ ಬೇಕಾದದ್ದು ಮುಂದಿನ ಸಂದು ಮಾತ್ರ. ಹಿಂದಿನ ಸಂದನ್ನು ಹಿಡಿದು ಎಳೆದರೆ ಇಡೀ ಬಾಡಿಯನ್ನೇ ಎಳೆದಂತೆ. ಅದನ್ನು ಕೆಳಗೆ, ಗಾಳಿ ಬರುವ ಫ್ಲಾಪಿನ ಹತ್ತಿರ, ಸಣ್ಣ ಮುಚ್ಚಳಗಳ ಹಿಂದೆ ಅಡಗಿಸಿಟ್ಟ ಎರಡೋ ಮೂರೋ ಸ್ಕ್ರೂಗಳು ಹಿಡಿದಿರುತ್ತವೆ. ಮೇಲ್ಗಡೆ ಹುಕ್ಕುಗಳಿರುತ್ತವೆ. ಸ್ಕ್ರೂ ಬಿಚ್ಚದೆ ಎಳೆದಾಗ ಮುರಿಯುವುದು ಈ ಮೇಲಿನ ಹುಕ್ಕು. ಅದು ಮುರಿದರೆ ಬಾಡಿಯ ಮೇಲಂಚು ಗೋಡೆಯಿಂದ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ, ಮತ್ತೆ ಕೂರುವುದಿಲ್ಲ. ಜಾಳಿ ತೊಳೆಯಲು ಬಾಡಿ ಬಿಚ್ಚುವ ಅಗತ್ಯವೇ ಇಲ್ಲ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿರಿ ಎಂದರೆ ಎಲ್ಲೋ ದಾರಿ ತಪ್ಪಿದ್ದೀರಿ. ಸಂದಿನಲ್ಲಿ ಚಾಕು ತೂರಿಸುವವರನ್ನೂ ನೋಡಿದ್ದೇನೆ. ಚಾಕು ಸಂದನ್ನು ಒಂದೇ ಬಿಂದುವಿನಲ್ಲಿ ಅಗಲಿಸುತ್ತದೆ, ಆ ಬಿಂದು ಲಾಕಿನ ಪಕ್ಕದಲ್ಲೇ ಇದ್ದರೆ ಮುಗಿಯಿತು.

ಇನ್ನು ಪ್ಯಾನಲ್ ನಿಂತಿರುವುದು ಯಾವುದರ ಮೇಲೆ? ಮೇಲ್ಗಡೆ ಎಡಕ್ಕೂ ಬಲಕ್ಕೂ ಒಂದೊಂದು ತೋಳು, ತೋಳಿನ ತುದಿಯಲ್ಲಿ ದುಂಡನೆಯ ಮೊಳೆಯಂಥ ಪಿನ್. ಬಾಗಿಲಿಗೆ ಕೀಲು ಇದ್ದ ಹಾಗೆ. ಕೆಳ ಅಂಚಿನಲ್ಲಿ ಎರಡು ಲಾಕ್, ಅಗಲವಾದ ಯೂನಿಟ್ ಆದರೆ ನಡುವೆ ಮೂರನೆಯದು. ಈ ಕೆಳಗಿನ ಲಾಕುಗಳಲ್ಲೇ ಎರಡು ಜಾತಿ. ಒಂದು ಎಳೆಯುವ ಜಾತಿ: ಪ್ಯಾನಲ್ಲಿನ ಗುಂಡು ತಲೆಯ ನಾಲಿಗೆ ಬಾಡಿಯ ಸೀಳಿನಲ್ಲಿ ಹೋಗಿ ಕಚ್ಚಿಕೊಂಡಿರುತ್ತದೆ, ನೇರ ಎಳೆದರೆ ಬಿಡುತ್ತದೆ. ನಮ್ಮ ನಾಸಿಕದ ಎಸಿ ಇಂಥದ್ದು. ಇನ್ನೊಂದು ಒತ್ತುವ ಜಾತಿ: ಗೋಡೆ ಕಪಾಟುಗಳ ಬಾಗಿಲಿನಂತೆ ಒಮ್ಮೆ ಒಳಕ್ಕೆ ಒತ್ತಿ ಬಿಟ್ಟರೆ ತಾನೇ ಮುಂದಕ್ಕೆ ಚಿಮ್ಮುತ್ತದೆ. ಅಕ್ಕನ ಮನೆಯದು ಈ ಜಾತಿ. ಇವೆರಡೂ ಅಲ್ಲದ ಮೂರನೆಯ ಥರದ ಎಸಿಗಳೂ ಇವೆ. ಅವುಗಳಲ್ಲಿ ಜಾಳಿಯ ಹಿಡಿಕೆಗಳು ಯೂನಿಟ್ಟಿನ ನೆತ್ತಿಯ ಮೇಲೇ ಇರುತ್ತವೆ, ಮೇಲಕ್ಕೆ ಎಳೆದರೆ ಜಾಳಿ ಬರುತ್ತದೆ, ಪ್ಯಾನಲ್ ಮುಟ್ಟುವುದೇ ಬೇಡ. ನೆಲದ ಮೇಲೆ ನಿಂತು ನೋಡಿದರೆ ಇದು ಕಾಣುವುದಿಲ್ಲ, ಸ್ಟೂಲ್ ಹತ್ತಬೇಕು. ಆದ್ದರಿಂದ ನನ್ನ ಕ್ರಮ ಹೀಗೆ: ಮೊದಲು ಹತ್ತಿ ಮೇಲಿನಿಂದ ನೋಡುವುದು. ಅಲ್ಲಿ ಹಿಡಿಕೆ ಇಲ್ಲದಿದ್ದರೆ ಕೆಳ ಅಂಚಿನ ಎರಡೂ ಮೂಲೆಗಳ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುವುದು. ಚಿಮ್ಮದಿದ್ದರೆ ಆಗ ಎಳೆಯುವುದು. ಎಳೆಯುವ ಲಾಕನ್ನು ಮೆಲ್ಲಗೆ ಒತ್ತಿದರೆ ಏನೂ ಆಗುವುದಿಲ್ಲ. ಒತ್ತುವ ಲಾಕನ್ನು ಎಳೆದರೆ ನಾಲಿಗೆ ಕಿತ್ತು ಬರುತ್ತದೆ. ಹಾಗಾಗಿ ಒತ್ತುವುದೇ ಮೊದಲು.

ಅಕ್ಕನ ಮನೆಯಲ್ಲಿ ಆಗಿದ್ದು ಇದೇ. ಒಂದು ಬೇಸಿಗೆಯ ಕೊನೆಗೆ ಸರ್ವಿಸಿಂಗಿಗೆಂದು ಬಂದ ಹುಡುಗ ಒತ್ತುವ ಲಾಕನ್ನು ಎಳೆದುಬಿಟ್ಟಿದ್ದ. ಬಲಗಡೆಯ ನಾಲಿಗೆ ಬುಡದಲ್ಲೇ ಹೋಯಿತು. ಅವನು ಪ್ಯಾನಲ್ಲನ್ನು ಹೇಗೋ ತಳ್ಳಿ ಕೂರಿಸಿ ಹೋದ. ಮರುದಿನದಿಂದ ಬಲ ಮೂಲೆ ಒಂದು ಬೆರಳು ಹೊರಗೆ ಬಂದು, ಫ್ಯಾನ್ ಜೋರಾದಾಗಲೆಲ್ಲ ಟಪಟಪ ಬಡಿದುಕೊಳ್ಳತೊಡಗಿತು. ಆ ಕೋಣೆಯಲ್ಲಿ ಮಲಗುವವರು ಅಕ್ಕನ ಮಾವನವರು. 81 ವರ್ಷ, ಉಬ್ಬಸದ ತೊಂದರೆ, ರಾತ್ರಿ ನಿದ್ದೆಯೇ ಕಡಿಮೆ. ಸದ್ದು ತಡೆಯಲಾರದೆ ನಮ್ಮ ಮಾಮಾ (ಅಕ್ಕನ ಗಂಡನನ್ನು ನಾವು ಹಾಗೇ ಕರೆಯುವುದು) ಅಗಲವಾದ ಪ್ಯಾಕಿಂಗ್ ಟೇಪ್ ತಂದು ಕೆಳ ಅಂಚಿಗೆ ಈ ತುದಿಯಿಂದ ಆ ತುದಿಗೆ ಬಿಗಿದರು. ಸದ್ದು ನಿಂತಿತು. ಗಾಳಿ ಒಳಗೆ ಹೋಗುವುದು ಮೇಲಿನಿಂದ, ಹೊರಗೆ ಬರುವುದು ಟೇಪಿನ ಕೆಳಗಿನಿಂದ, ಹಾಗಾಗಿ ಟೇಪಿನಿಂದ ನೇರ ತೊಂದರೆ ಏನೂ ಇರಲಿಲ್ಲ. ಆದರೆ ಟೇಪ್ ಹಾಕಿದ ಮೇಲೆ ಆ ಪ್ಯಾನಲ್ಲನ್ನು ಯಾರೂ ತೆರೆಯಲಿಲ್ಲ. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ಮುಂದಿನ ಏಪ್ರಿಲ್ ಬಂತು.

ಮರಾಠವಾಡದ ಏಪ್ರಿಲ್ ಹೇಗಿರುತ್ತದೆಂದು ಅಲ್ಲಿದ್ದವರಿಗೆ ಹೇಳಬೇಕಿಲ್ಲ. ಪಾರಾ 40 ದಾಟುತ್ತದೆ, ಮಧ್ಯಾಹ್ನ ಬಿಸಿಗಾಳಿ, ಗಾಳಿಯ ಜೊತೆ ಕಪ್ಪು ನೆಲದ ನುಣ್ಣನೆಯ ಮಣ್ಣು. ಅಜ್ಜನ ಕೋಣೆ ತಣ್ಣಗಾಗುವುದು ನಿಂತಿತು. ನಡುರಾತ್ರಿ ಎಸಿಯಿಂದ ನೀರು ಹನಿದು ಹಾಸಿಗೆಯ ಕಾಲಿನ ಕಡೆ ತೋಯತೊಡಗಿತು. ಬಂದು ನೋಡಿದ ಒಬ್ಬರು ಪ್ಯಾನಲ್ ತೆಗೆಯದೆಯೇ "ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು" ಎಂದರಂತೆ. ಅಕ್ಕ ಫೋನ್ ಮಾಡಿದಳು: "ಏನೋ, ಗ್ಯಾಸ್ ಅಂತಾರ, ಸಾವಿರಾರು ರೂಪಾಯಿ ಹೇಳ್ಯಾರ. ಮಾವನೋರು ರಾತ್ರಿ ಎಲ್ಲಾ ಕೂತೇ ಇರ್ತಾರ. ಏನ್ ಮಾಡೂದು?"

ನಾನು ಕೇಳಿದ್ದು ಒಂದೇ ಪ್ರಶ್ನೆ. ಫ್ಲಾಪಿನ ಮುಂದೆ ಒಂದು ತುಂಡು ಪೇಪರ್ ಹಿಡಿದರೆ ಅದು ಎಷ್ಟು ಹಾರುತ್ತದೆ? "ಹಾರೂದೇ ಇಲ್ಲ, ಸುಮ್ನ ಅಲ್ಲಾಡ್ತದ. ಗಾಳಿ ಮಾತ್ರ ಬರ್ಫದಂಗ ತಣ್ಣಗ ಅದ" ಎಂದಳು. ಈ ಉತ್ತರದಲ್ಲೇ ಬಹುಪಾಲು ರೋಗ ತಿಳಿಯುತ್ತದೆ. ಗ್ಯಾಸ್ ಸೋರಿ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಗಾಳಿ ಬೇಕಾದಷ್ಟು ಬರುತ್ತದೆ, ತಣ್ಣಗಿರುವುದಿಲ್ಲ. ಜಾಳಿ ಕಟ್ಟಿದ್ದರೆ ಉಲ್ಟಾ: ಬರುವ ಸ್ವಲ್ಪ ಗಾಳಿ ಚಳಿ ಹುಟ್ಟಿಸುವಷ್ಟು ತಣ್ಣಗಿರುತ್ತದೆ, ಆದರೆ ಅಷ್ಟು ಸ್ವಲ್ಪದಿಂದ ಕೋಣೆ ತಣಿಯುವುದಿಲ್ಲ. ಒಳಗಿನ ಕಾಯಿಲ್ ಮೇಲೆ ಹರಿಯಬೇಕಾದ ಬಿಸಿ ಗಾಳಿ ಹರಿಯದಿದ್ದರೆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ, ಅದರ ಮೇಲೆ ಹಿಮ ಕಟ್ಟುತ್ತದೆ, ಹಿಮ ಉಳಿದ ಗಾಳಿಗೂ ಅಡ್ಡವಾಗುತ್ತದೆ, ಆಮೇಲೆ ಆ ಹಿಮ ಕರಗಿದಾಗ ನೀರು ತಟ್ಟೆಯನ್ನು ಮೀರಿ ಹಾಸಿಗೆಯ ಮೇಲೆ ಬೀಳುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಒಮ್ಮೊಮ್ಮೆ ಹಿಮ ಕಟ್ಟುವುದುಂಟು, ಹಾಗಾಗಿ ಹಿಮವೊಂದನ್ನೇ ನೋಡಿ ತೀರ್ಪು ಕೊಡಬಾರದು. ಆದರೆ ಒಂಬತ್ತು-ಹತ್ತು ತಿಂಗಳಿನಿಂದ ಜಾಳಿ ತೆಗೆದಿಲ್ಲ ಎಂದಾದರೆ ಅದನ್ನು ತೊಳೆದು ನೋಡದೆ ಗ್ಯಾಸಿಗೆ ಹಣ ಕೊಡುವುದು ಮೂರ್ಖತನ. ಎಸಿ ಬಂದ್ ಮಾಡಿ, ಫ್ಯಾನ್ ಹಾಕಿ, ಅಜ್ಜನನ್ನು ಹಾಲಿಗೆ ಕರೆತನ್ನಿ ಎಂದು ಹೇಳಿ ಶನಿವಾರ ಬೆಳಿಗ್ಗೆ ಯೇವಲಾ, ವೈಜಾಪುರದ ದಾರಿಯಲ್ಲಿ ಹೊರಟೆ.

ದಾರಿಯಲ್ಲಿ ನನಗಿದ್ದ ಚಿಂತೆ ಜಾಳಿಯದ್ದಲ್ಲ, ಎಡಗಡೆ ಉಳಿದಿದ್ದ ಒಂದೇ ಲಾಕಿನದ್ದು. ಅದೂ ಹೋದರೆ ಪ್ಯಾನಲ್ ಮೇಲಿನ ಎರಡು ಪಿನ್ನುಗಳಲ್ಲಿ ನೇತಾಡುತ್ತದೆ. ಅದರ ಕೆಳಗೆ ಮುದುಕರೊಬ್ಬರು ಮಲಗುತ್ತಾರೆ.

ಲಾಕ್ ಯಾಕೆ ಮುರಿಯುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇದು ಗೊತ್ತಾದರೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲಾಕಿನ ನಾಲಿಗೆ ಒಂದು ಸಣ್ಣ ಪಟ್ಟಿ, ಒಂದು ತುದಿ ಪ್ಯಾನಲ್ಲಿಗೆ ಅಂಟಿದೆ, ಇನ್ನೊಂದು ತುದಿಯಲ್ಲಿ ಕೊಕ್ಕೆ. ಬಿಡಿಸಿಕೊಳ್ಳಲು ಆ ಪಟ್ಟಿ ಕೊಕ್ಕೆಯ ಎತ್ತರದಷ್ಟು ಬಾಗಬೇಕು. ಬಾಗಿದಾಗ ಎಲ್ಲ ಹೊರೆಯೂ ಬುಡಕ್ಕೆ ಬೀಳುತ್ತದೆ, ಬುಡದ ಮೇಲ್ಮೈ ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎನ್ನುವುದಕ್ಕೆ ಎಂಜಿನಿಯರುಗಳ ಒಂದು ಸರಳ ಲೆಕ್ಕ ಇದೆ. ಪಟ್ಟಿಯ ದಪ್ಪ t, ಬಾಗುವ ದೂರ y, ಉದ್ದ L ಎಂದಿಟ್ಟುಕೊಂಡರೆ:

```
3 × t × y ÷ (2 × L × L)
```

ನಾಲಿಗೆ 10 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ, ಕೊಕ್ಕೆ 1 ಮಿಲಿಮೀಟರ್ ಎತ್ತರ ಎಂದುಕೊಳ್ಳಿ. ಲೆಕ್ಕ ಹಾಕಿದರೆ ನೂರಕ್ಕೆ 3ರಷ್ಟು ಹಿಗ್ಗು ಬರುತ್ತದೆ. ಹೊಸ ಪ್ಲಾಸ್ಟಿಕ್ ಇದನ್ನು ತಡೆದುಕೊಂಡು ಮತ್ತೆ ಮೊದಲಿನಂತಾಗುತ್ತದೆ. ಈಗ ನೀವು ಒಂದೇ ಕೈಯಿಂದ ಒಂದೇ ಮೂಲೆಯನ್ನು ಎಳೆದಿರಿ. ಆ ಕಡೆಯ ಲಾಕ್ ಬಿಟ್ಟಿತು, ಪ್ಯಾನಲ್ ತಿರುಚಿಕೊಂಡಿತು, ಇನ್ನೊಂದು ಕಡೆಯ ನಾಲಿಗೆ 1ರ ಬದಲು 2 ಮಿಲಿಮೀಟರ್ ಪಕ್ಕಕ್ಕೆ ಬಾಗಿತು. ಹಿಗ್ಗು ಒಮ್ಮೆಲೇ 6ಕ್ಕೆ ಏರಿತು. ಹಳೆಯ ಪ್ಲಾಸ್ಟಿಕ್ಕಿಗೆ ಇದು ಹೆಚ್ಚಾಯಿತು. ಅಂದರೆ ಬಹಳ ಸಲ ಮುರಿಯುವುದು ನೀವು ಎಳೆದ ಕಡೆಯ ಲಾಕ್ ಅಲ್ಲ, ಎದುರು ಕಡೆಯದು. ನೋಡುತ್ತಿದ್ದ ಜಾಗದಲ್ಲಿ ಎಲ್ಲ ಸರಿ ಇತ್ತು, ಮುರಿದದ್ದು ಹೇಗೆ ಎಂದು ಜನ ಬೆರಗಾಗುವುದು ಇದಕ್ಕೇ.

ಇನ್ನೊಂದು ಸಂಗತಿ ವಯಸ್ಸಿನದು. ಈ ಬಿಳಿ ಪ್ಯಾನಲ್ಲುಗಳನ್ನು ಸಾಮಾನ್ಯವಾಗಿ ಎಬಿಎಸ್ ಅಥವಾ ಅಂಥದ್ದೇ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ರಬ್ಬರಿನ ಅತಿ ಸಣ್ಣ ಕಣಗಳನ್ನು ಬೆರೆಸಿರುತ್ತಾರೆ, ಅದು ಒಡೆಯದೆ ಬಾಗುವುದು ಆ ರಬ್ಬರಿನ ದೆಸೆಯಿಂದ. ಬಿಸಿಲು ಮೊದಲು ಕೊಲ್ಲುವುದು ಆ ರಬ್ಬರನ್ನೇ. ಪಶ್ಚಿಮದ ಕಿಟಕಿಯ ಎದುರಿಗಿರುವ ಎಸಿ ಹಳದಿಯಾಗಿದ್ದರೆ ಅದರ ಲಾಕುಗಳನ್ನು ಹಪ್ಪಳವೆಂದು ತಿಳಿದೇ ಮುಟ್ಟಬೇಕು. ತಣ್ಣಗಿದ್ದಾಗಲೂ ಪ್ಲಾಸ್ಟಿಕ್ ಸ್ವಲ್ಪ ಬಿರುಸಾಗುತ್ತದೆ. ಎಸಿ ಓಡಿಸಿ ನಿಲ್ಲಿಸಿದ ಕೂಡಲೇ ಬಿಚ್ಚಬೇಡಿ, ಅರ್ಧ ಗಂಟೆ ಬಿಡಿ. ಹೊಸ ಎಸಿಗೆ ಇದರಿಂದ ದೊಡ್ಡ ವ್ಯತ್ಯಾಸವೇನಿಲ್ಲ, ಹಳದಿಯಾದದ್ದಕ್ಕೆ ಇದೆ. ಹೇಗಿದ್ದರೂ ಆ ಅರ್ಧ ಗಂಟೆಯಲ್ಲಿ ಹಿಮ ಇದ್ದರೆ ಕರಗುತ್ತದೆ, ಒಂದು ಚಹಾ ಆಗುತ್ತದೆ.

ಮುರಿಯುವ ಮೊದಲು ಪ್ಲಾಸ್ಟಿಕ್ ಒಂದು ಸೂಚನೆಯನ್ನೂ ಕೊಡುತ್ತದೆ. ನಾಲಿಗೆಯ ಬುಡದಲ್ಲಿ ಉಗುರಿನಿಂದ ಗೀರಿದಂತೆ ಒಂದು ಬೆಳ್ಳನೆಯ ಗೆರೆ ಮೂಡಿರುತ್ತದೆ. ಪ್ಯಾನಲ್ ತೆರೆದಾಗಲೆಲ್ಲ ಮೊಬೈಲ್ ಟಾರ್ಚ್ ಹಿಡಿದು ಆ ಬುಡವನ್ನು ನೋಡುವುದು ನನ್ನ ಅಭ್ಯಾಸ. ಗೆರೆ ಕಂಡರೆ ಆ ಕಡೆಯದನ್ನು ಮುಂದಿನ ಸಲ ಮೊದಲು, ಬೆರಳನ್ನು ಲಾಕಿನ ಪಕ್ಕದಲ್ಲೇ ಇಟ್ಟು ಬಿಡಿಸಬೇಕು.

ಅಕ್ಕನ ಮನೆ ತಲುಪಿ ನಾನು ಮೊದಲು ಮಾಡಿದ್ದು ಎಂಸಿಬಿ ಇಳಿಸಿದ್ದು. ರಿಮೋಟಿನಲ್ಲಿ ಬಂದ್ ಮಾಡಿದರೆ ಎಸಿಗೆ ಕರೆಂಟ್ ಹೋಗಿರುವುದಿಲ್ಲ. ಒಳಗೆ ಕೈ ಇದ್ದಾಗ ಯಾರೋ ಮಗು ರಿಮೋಟ್ ಒತ್ತಿದರೆ ಬ್ಲೋವರ್ ತಿರುಗುತ್ತದೆ. ಎರಡನೆಯದು ಸ್ಟೂಲ್. ಸಣ್ಣ ಸ್ಟೂಲ್ ಇತ್ತು, ಬೇಡವೆಂದು ಅಡುಗೆಮನೆಯ ಮಡಚುವ ಏಣಿಯನ್ನೇ ತರಿಸಿದೆ. ಇದು ಬರೀ ಬೀಳುವ ಭಯಕ್ಕಲ್ಲ. ಕೆಳಗಿನಿಂದ ಕೈ ಚಾಚಿದರೆ ನಮಗೆ ಗೊತ್ತಿಲ್ಲದೆಯೇ ನಾವು ಕೆಳಕ್ಕೆ ಎಳೆಯುತ್ತೇವೆ. ಲಾಕ್ ಬಿಡುವುದು ಗೋಡೆಯಿಂದ ನೇರ ಮುಂದಕ್ಕೆ. ಕೆಳಕ್ಕೆ ಎಳೆದರೆ ನಾಲಿಗೆ ಸೀಳಿನ ಅಂಚಿಗೆ ಅಡ್ಡವಾಗಿ ಒತ್ತಿಕೊಳ್ಳುತ್ತದೆ, ಮೇಲಿನ ಪಿನ್ನುಗಳ ಮೇಲೂ ಭಾರ ಬೀಳುತ್ತದೆ. ಮುಖ ಎಸಿಯ ಮಟ್ಟಕ್ಕೆ ಬರುವಷ್ಟು ಎತ್ತರದಲ್ಲಿ ನಿಂತರೆ ಕೈ ತಾನಾಗಿಯೇ ನೇರ ಎಳೆಯುತ್ತದೆ.

ಆಮೇಲೆ ಟೇಪ್. ಹತ್ತು ತಿಂಗಳ ಟೇಪು ಒಣಗಿ ಪ್ಲಾಸ್ಟಿಕ್ಕಿಗೆ ಮೆತ್ತಿಕೊಂಡಿತ್ತು. ಅದನ್ನು ಸರ್ರನೆ ಎಳೆದರೆ ಟೇಪಿನ ಜೊತೆ ಪ್ಯಾನಲ್ಲೂ ಬರುತ್ತದೆ, ಅಂದರೆ ಉಳಿದ ಲಾಕಿಗೆ ಎಳೆತ. ಅಕ್ಕನ ಹೇರ್ ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ದೂರದಿಂದ ಕಾಯಿಸುತ್ತ, ಮಾಮಾ ಪ್ಯಾನಲ್ಲನ್ನು ಅಂಗೈಯಿಂದ ಗೋಡೆಯ ಕಡೆ ಒತ್ತಿ ಹಿಡಿದಿರಲು, ನಾನು ಟೇಪನ್ನು ಅದರ ಮೇಲೆಯೇ ಮಡಚಿಕೊಂಡು ಬರುವಂತೆ ನಿಧಾನವಾಗಿ ಸುಲಿದೆ. ಹಾಲಿನಿಂದ ಅಜ್ಜ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬಾಳೆಎಲಿ ಸೀಳೂಹಂಗ ಮಾಡ್ಲಿಕ್ಹತ್ತೀ ನೋಡಪಾ" ಎಂದರು. ಆ ವೇಗವೇ ಸರಿ.

ಟೇಪ್ ಹೋದ ಮೇಲೆ ಬಲಮೂಲೆ ತಾನೇ ಸಡಿಲವಾಯಿತು. ಆ ಕಡೆ ಲಾಕೇ ಇಲ್ಲವಲ್ಲ. ಇಲ್ಲೇ ಅಪಾಯ: ಬಿಟ್ಟುಕೊಂಡ ಕಡೆಯನ್ನು ಹಿಡಿದು ಎತ್ತಿಬಿಡೋಣ ಎನಿಸುತ್ತದೆ, ಹಾಗೆ ಎತ್ತಿದರೆ ಎಡ ಲಾಕ್ ತಿರುಚಿ ಹೋಗುತ್ತದೆ. ಬಲಮೂಲೆಯನ್ನು ಮಾಮಾ ಬಾಡಿಗೆ ತಾಗುವಂತೆ ಒತ್ತಿ ಹಿಡಿದರು. ಪ್ಯಾನಲ್ ಸಮವಾಗಿರುವಾಗ ನಾನು ಎಡ ಲಾಕಿನ ನೆತ್ತಿಯ ಮೇಲೆ ಹೆಬ್ಬೆರಳಿಟ್ಟು ಒಳಕ್ಕೆ ಒತ್ತಿ ಬಿಟ್ಟೆ. ಮೊದಲ ಸಲ ಬರಲಿಲ್ಲ, ಧೂಳು ಕಟ್ಟಿತ್ತು. ಎರಡನೆಯ ಸಲ ಒತ್ತಿದಾಗ ಮೆತ್ತಗೆ ಟಕ್ ಎಂದು ಮುಂದೆ ಬಂತು. ತೆರೆದ ಸದ್ದಿಗೂ ಮುರಿದ ಸದ್ದಿಗೂ ವ್ಯತ್ಯಾಸ ಹೇಳಿದರೆ ತಿಳಿಯುತ್ತದೋ ಇಲ್ಲವೋ, ತೆರೆದದ್ದು ಪೆನ್ನಿನ ಕ್ಯಾಪ್ ತೆಗೆದಂತೆ ದುಂಡಗಿರುತ್ತದೆ, ಮುರಿದದ್ದು ಒಣ ಕಡ್ಡಿಯಂತೆ ಚೂಪಾಗಿರುತ್ತದೆ. ಆಮೇಲೆ ಇಬ್ಬರೂ ಎರಡು ಕಡೆಯ ಬೆರಳು ಸಂದಿನಲ್ಲಿ ಹಿಡಿದು ಒಟ್ಟಿಗೇ ಮೇಲಕ್ಕೆತ್ತಿದೆವು. ಸುಮಾರು ಅರವತ್ತು ಡಿಗ್ರಿ ಎತ್ತಿದ ಮೇಲೆ ತೋಳು ತಾನೇ ಬಿಗಿಯಾಗಿ ಪ್ಯಾನಲ್ ನಿಂತುಕೊಂಡಿತು. ಕೆಲವು ಎಸಿಗಳಲ್ಲಿ ಹೀಗೆ ನಿಲ್ಲುವುದಿಲ್ಲ, ಒಬ್ಬರು ಹಿಡಿದೇ ಇರಬೇಕು. ಎಲ್ಲಿ ತಡೆ ಸಿಕ್ಕಿತೋ ಅದೇ ಕೊನೆ, ಅಲ್ಲಿಂದ ಇನ್ನೂ ಮೇಲಕ್ಕೆ ಒತ್ತಿದರೆ ಮುರಿಯುವುದು ಪಿನ್. ಪ್ಯಾನಲ್ಲನ್ನು ಪೂರ್ತಿ ಕಳಚುವ ಆಸೆಯೂ ಬೇಡ. ಡಿಗ್ರಿ ತೋರಿಸುವ ಅಂಕಿಗಳು ಪ್ಯಾನಲ್ಲಿನ ಮೇಲೇ ಇರುವ ಮಾಡೆಲ್ಲುಗಳಲ್ಲಿ ಒಂದು ತೆಳು ವೈರು ಹಿಂದಿನಿಂದ ಬಂದಿರುತ್ತದೆ.

ಜಾಳಿ ಎನ್ನುವುದು ಅಲ್ಲಿ ಕಾಣಲೇ ಇಲ್ಲ. ಬೂದು ಬಣ್ಣದ ಕಂಬಳಿ ಇತ್ತು.

ಜಾಳಿಗೂ ಕೆಳಗಡೆ ಒಂದೆರಡು ಸಣ್ಣ ಹುಕ್ಕು ಇರುತ್ತವೆ. ನಡುವಿನ ಹಿಡಿಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ, ಕೆಳ ಅಂಚು ಹುಕ್ಕಿನಿಂದ ಬಿಟ್ಟ ಮೇಲೆ, ನಿಮ್ಮ ಕಡೆಗೆ ತಂದು, ಆಮೇಲೆ ಕೆಳಕ್ಕೆ ಜಾರಿಸಬೇಕು. ನೇರ ಕೆಳಕ್ಕೆ ಜಗ್ಗಿದರೆ ಆ ಹುಕ್ಕು ಹೋಗುತ್ತದೆ. ಜಾಳಿ ಬಂದ ಮೇಲೆ ಹಿಂದೆ ಕಾಣುವ ಅಲ್ಯೂಮಿನಿಯಮ್ ಗರಿಗಳಿಗೆ ಬೆರಳು ತಾಗಿಸಬೇಡಿ, ಬ್ಲೇಡಿನಂತೆ ಕುಯ್ಯುತ್ತವೆ, ಮೇಲಾಗಿ ಮಡಚಿಕೊಂಡುಬಿಡುತ್ತವೆ.

ತೊಳೆಯುವುದರಲ್ಲಿ ನಾಸಿಕಕ್ಕೂ ಸಂಭಾಜಿನಗರಕ್ಕೂ ನನಗೆ ಕಂಡ ವ್ಯತ್ಯಾಸ ಒಂದಿದೆ. ನಮ್ಮ ನಾಸಿಕದ ಎಸಿ ಹಾಲಿನಲ್ಲಿದೆ, ಅಡುಗೆಮನೆಗೆ ಬಾಗಿಲಿಲ್ಲ. ಜಾಳಿಗೆ ಹತ್ತುವುದು ಒಗ್ಗರಣೆಯ ಜಿಡ್ಡು, ಊದುಬತ್ತಿಯ ಹೊಗೆ, ಅದರ ಮೇಲೆ ಧೂಳು. ಅದಕ್ಕೆ ಪಾತ್ರೆ ತೊಳೆಯುವ ದ್ರಾವಣದ ಕೆಲವು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸದೆ ಗತಿಯಿಲ್ಲ. 40 ಡಿಗ್ರಿಗಿಂತ ಬಿಸಿ ಬೇಡ, ಚೌಕಟ್ಟು ಸೊಟ್ಟಗಾಗುತ್ತದೆ. ಸೊಟ್ಟಗಾದ ಜಾಳಿ ಆಮೇಲೆ ಪ್ಯಾನಲ್ಲನ್ನು ಮುಚ್ಚಲು ಬಿಡುವುದಿಲ್ಲ, ಮತ್ತೆ ಲಾಕಿಗೇ ಹೊರೆ. ಅಕ್ಕನ ಮನೆಯದು ಒಣ ಮಣ್ಣು. ಅದನ್ನು ನೇರ ನೀರಿಗೆ ಹಿಡಿದರೆ ಕೆಸರಾಗಿ ಕಣ್ಣು ಕಣ್ಣಿನಲ್ಲೂ ಕೂರುತ್ತದೆ. ಬಾಲ್ಕನಿಗೆ ಒಯ್ದು ಮೊದಲು ಒಣಗಿದ್ದಾಗಲೇ ಮೆಲ್ಲಗೆ ತಟ್ಟಿ, ಹಳೆಯ ಶೇವಿಂಗ್ ಬ್ರಷ್ಷಿನಿಂದ ಸವರಿ, ಬಹುಪಾಲು ಉದುರಿಸಿಕೊಂಡು ಆಮೇಲೆ ನೀರು. ನೀರು ಬೀಳಬೇಕಾದದ್ದು ಧೂಳು ಕೂತ ಮೈಯ ಮೇಲಲ್ಲ, ಹಿಂಬದಿಯಿಂದ. ಬಂದ ದಾರಿಯಲ್ಲೇ ಅದನ್ನು ವಾಪಸು ಕಳಿಸಬೇಕು.

ನೀರಿನದ್ದೂ ಒಂದು ಮಾತು. ಆ ಊರು ಕುಡಿಯುವುದು ಪೈಠಣದ ಜಾಯಕವಾಡಿಯಿಂದ ಬರುವ ಗೋದಾವರಿ ನೀರು, ನಾಸಿಕದಲ್ಲಿ ನಮ್ಮ ಮುಂದೆ ಹರಿದು ಹೋದದ್ದೇ. (ಕನ್ನಡ ನಾಡಿನ ಉತ್ತರದ ಗಡಿ ಗೋದಾವರಿ ಎಂದು ಕವಿರಾಜಮಾರ್ಗ ಹೇಳುವುದರಿಂದ ನಾವು ಗಡಿಯಲ್ಲೇ ಇದ್ದೇವೆ ಎಂದು ಮಾಮಾ ಪ್ರತಿ ಸಲವೂ ಹೇಳುತ್ತಾರೆ.) ಆದರೆ ನಲ್ಲಿಯಲ್ಲಿ ಅದು ಹಲವು ದಿನಕ್ಕೊಮ್ಮೆ ಬರುತ್ತದೆ. ಉಳಿದ ದಿನ ಬೋರ್‌ವೆಲ್ ಅಥವಾ ಟ್ಯಾಂಕರ್. ಹಾಗಾಗಿ ಅಕ್ಕ ಆರ್‌ಓ ಯಂತ್ರದ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟಿದ್ದಳು, "ಇದರಾಗ ತೊಳಿ" ಎಂದಳು. ಮೊದಲ ತೊಳೆತಕ್ಕೆ ಸರಿ, ಕೊನೆಯ ತೊಳೆತಕ್ಕೆ ಬೇಡ. ಉಪ್ಪೆಲ್ಲ ಆ ನೀರಿನಲ್ಲೇ ಗಟ್ಟಿಯಾಗಿ ಉಳಿದಿರುತ್ತದೆ, ಒಣಗಿದ ಮೇಲೆ ಜಾಳಿಯ ಎಳೆಗಳ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಎಸಿಯ ಪೈಪಿನಿಂದ ಬೀಳುವ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ, ಕೊನೆಯ ತೊಳೆತಕ್ಕೆ ಅದೇ ಒಳ್ಳೆಯದು. ಮಳೆಗಾಲದಲ್ಲಿ ಅದು ಬಕೆಟ್ ತುಂಬುತ್ತದೆ. ಮರಾಠವಾಡದ ಒಣ ಏಪ್ರಿಲ್ಲಿನಲ್ಲಿ ಗಾಳಿಯಲ್ಲೇ ತೇವ ಇರುವುದಿಲ್ಲ, ಒಂದು ಚೊಂಬು ಸಿಕ್ಕರೆ ಹೆಚ್ಚು. ನಾವು ಎರಡು ಚೊಂಬು ಕುಡಿಯುವ ನೀರನ್ನೇ ಬಳಸಿದೆವು. ಒಣಗಿಸುವುದು ನೆರಳಿನಲ್ಲಿ. ಅಲ್ಲಿಯ ಬಿಸಿಲಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ಒಣಗುತ್ತದೆ, ಜೊತೆಗೆ ಡೊಂಕಾಗುತ್ತದೆ.

ಜಾಳಿ ನೆರಳಿನಲ್ಲಿದ್ದ ಹೊತ್ತಿಗೆ ಬಲಗಡೆಯ ಮುರಿದ ಲಾಕಿನ ಕಡೆ ನೋಡಿದೆ. ಅಂಟು ಹಾಕಿ ಕೂರಿಸಬಹುದೇ ಎಂದು ಮಾಮಾ ಕೇಳಿದರು, ಮುರಿದ ತುಂಡನ್ನು ಅಕ್ಕ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದಳು. ತಕ್ಷಣ ಅಂಟುವ ಗಮ್ ಇಂಥ ಜಾಗಕ್ಕೆ ಒಗ್ಗುವುದಿಲ್ಲ. ಒಣಗಿದ ಮೇಲೆ ಅದು ಗಾಜಿನಂತೆ, ಬಾಗುವುದಿಲ್ಲ. ಲಾಕಿನ ಕೆಲಸವೇ ಬಾಗುವುದು. ಮೊದಲ ಸಲ ತೆರೆದಾಗಲೇ ಅದೇ ಗೆರೆಯಲ್ಲಿ ಮುರಿಯುತ್ತದೆ. ಹೊಸ ಪ್ಯಾನಲ್ ತರಿಸುವುದು ಸರಿಯಾದ ದಾರಿ, ಆದರೆ ಅದು ಬರಲು ವಾರಗಳು ಎಂದು ಹೇಳಿದ್ದರು, ಅಜ್ಜನಿಗೆ ಬೇಕಾದದ್ದು ಇವತ್ತಿನ ರಾತ್ರಿ. ನಾವು ಮಾಡಿದ್ದು ವೆಲ್ಕ್ರೊ. ಅಂಟಿರುವ ಜೋಡಿ ವೆಲ್ಕ್ರೊ ಮೂರು-ನಾಲ್ಕು ಮಿಲಿಮೀಟರ್ ದಪ್ಪ ಇರುತ್ತದೆ. ಪ್ಯಾನಲ್ಲಿಗೂ ಬಾಡಿಗೂ ನಡುವೆ ಅಷ್ಟು ಜಾಗ ಇಲ್ಲದ ಕಡೆ ಅಂಟಿಸಿದರೆ ಪ್ಯಾನಲ್ ಮುಚ್ಚಿಕೊಳ್ಳುವುದಿಲ್ಲ. ಜಾಗ ಎಲ್ಲಿದೆ ಎಂದು ಮುಚ್ಚಿದ ಮೇಲೆ ಕಾಣುವುದಿಲ್ಲವಲ್ಲ, ಅದಕ್ಕೆ ಅಕ್ಕನ ಚಪಾತಿ ಹಿಟ್ಟಿನ ಮೂರು ಗೋಲಿ ಮಾಡಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೆಳ ಅಂಚಿನ ಮೂರು ಕಡೆ ಇಟ್ಟು, ಪ್ಯಾನಲ್ ಮೆಲ್ಲಗೆ ಮುಚ್ಚಿ ತೆರೆದೆವು. ಎರಡು ಗೋಲಿ ಕಾಗದದಂತೆ ಚಪ್ಪಟೆಯಾಗಿದ್ದವು. ಬಲಮೂಲೆಯದು ಐದು ಮಿಲಿಮೀಟರ್ ಉಳಿದಿತ್ತು. ಅಲ್ಲೇ ಎರಡೂ ಮೈಯನ್ನು ಸ್ಪಿರಿಟ್ಟಿನಿಂದ ಒರೆಸಿ, ಎರಡು ಸೆಂಟಿಮೀಟರ್ ಚೌಕದ ತುಂಡು ಅಂಟಿಸಿದೆವು. ಹಿಂಬದಿಯ ಗೋಂದು ಪೂರ್ತಿ ಹಿಡಿಯಲು ಒಂದು ದಿನ ಬೇಕು, ಆದ್ದರಿಂದ ಅದನ್ನು ಮರುದಿನದವರೆಗೆ ತೆರೆಯಲಿಲ್ಲ. ಈಗ ತೆರೆಯುವಾಗ ಮೊದಲು ವೆಲ್ಕ್ರೊವನ್ನು ಬಲಗಡೆಯಿಂದ ಬೆರಳು ತೂರಿಸಿ ಬಿಡಿಸಬೇಕು, ಆಮೇಲೆ ಎಡ ಲಾಕ್ ಒತ್ತಬೇಕು. ಮೇಲಿನ ಕೀಲಿನ ಪಿನ್ ಮುರಿದಿದ್ದರೆ ಮಾತ್ರ ಈ ಉಪಾಯ ಬೇಡ. ಆಗ ವೈರು ಇದ್ದರೆ ತಿಳಿದವರಿಂದ ಬಿಡಿಸಿ, ಪ್ಯಾನಲ್ಲನ್ನೇ ಇಳಿಸಿ ಇಡುವುದು ಒಳಿತು, ಮಲಗಿದವರ ಮೇಲೆ ಬೀಳುವುದಕ್ಕಿಂತ.

ಮುಚ್ಚುವಾಗ ಲಾಕ್ ಹೋಗುವುದು ತೆರೆಯುವಾಗಿಗಿಂತ ಹೆಚ್ಚು ಎಂದು ನನ್ನ ಅಂದಾಜು. ಜಾಳಿಯ ಮೇಲಂಚು ಎರಡೂ ಕಡೆಯ ಗಾಡಿಯಲ್ಲಿ ಪೂರ್ತಿ ಹೋಗಿ, ಕೆಳ ಅಂಚು ಹುಕ್ಕಿನ ಹಿಂದೆ ಕೂತಿರಬೇಕು. ಒಂದು ಮೂಲೆ ಮುಂದೆ ಬಂದಿದ್ದರೂ ಪ್ಯಾನಲ್ ಕೂರುವುದಿಲ್ಲ, ಕೂರದಿದ್ದಾಗ ಮನುಷ್ಯ ಗುದ್ದುತ್ತಾನೆ. ಗುದ್ದುವ ಬದಲು ಕೆಳಗಿಳಿದು ಪಕ್ಕದಿಂದ ಸಂದನ್ನು ನೋಡಿ: ಎರಡೂ ಕಡೆ ಒಂದೇ ಅಗಲ ಇದ್ದರೆ ಲಾಕುಗಳು ಎದುರುಬದುರು ಬಂದಿವೆ. ಆಗ ಪ್ಯಾನಲ್ಲಿನ ನಡುವೆ ಅಲ್ಲ, ಎರಡು ಲಾಕುಗಳ ನೇರಕ್ಕೆ ಎರಡು ಅಂಗೈ ಇಟ್ಟು ಒಟ್ಟಿಗೆ ಒತ್ತಬೇಕು. ನಡುವೆ ಒತ್ತಿದರೆ ಪ್ಯಾನಲ್ ಬಿಲ್ಲಿನಂತೆ ಬಾಗಿ ಎರಡೂ ತುದಿಯ ನಾಲಿಗೆಗಳು ಓರೆಯಾಗಿ ಸೀಳಿಗೆ ಹೋಗುತ್ತವೆ.

ಆ ಸಂಜೆ ಎಂಸಿಬಿ ಏರಿಸಿ ಹತ್ತು ನಿಮಿಷವಾದ ಮೇಲೆ ಅಕ್ಕ ಪೇಪರಿನ ತುಂಡನ್ನು ಮತ್ತೆ ಫ್ಲಾಪಿನ ಮುಂದೆ ಹಿಡಿದಳು. ಅದು ಕೈಯಿಂದ ಹಾರಿ ಅಜ್ಜನ ಮಂಚದ ಆಚೆ ಬಿತ್ತು. ಗಾಳಿ ಮೊದಲಿನಷ್ಟು ಕೊರೆಯುತ್ತಿರಲಿಲ್ಲ, ಅದಕ್ಕೆ ಮಾಮಾಗೆ ಅನುಮಾನ ಬಂತು, ಎಲ್ಲಿ ನಿಜವಾಗಿಯೂ ಗ್ಯಾಸ್ ಹೋಗಿದೆಯೋ ಎಂದು. ಒಂದು ಗಂಟೆ ಕಾಯೋಣ ಎಂದೆ. ಗಂಟೆಯೊಳಗೆ ಕೋಣೆ 27ಕ್ಕೆ ಇಳಿಯಿತು, ಹೊರಗಿನ ಯೂನಿಟ್ಟಿನ ಪೈಪಿನ ಮೇಲೆ ಹಿಮ ಇರಲಿಲ್ಲ. ಒಂಬತ್ತಕ್ಕೆ ಅಜ್ಜ ಹಾಲಿನಿಂದ ತಮ್ಮ ದಿಂಬು ತಾವೇ ಹಿಡಿದುಕೊಂಡು ಒಳಗೆ ಹೋದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ನಾನು ಹೊರಡುವ ಮುನ್ನ ಅಕ್ಕನ ಕೈಯಲ್ಲೇ ಒಮ್ಮೆ ಪ್ಯಾನಲ್ ತೆರೆಸಿ ಮುಚ್ಚಿಸಿದೆ. ಎಂಸಿಬಿ ಡಬ್ಬದ ಬಾಗಿಲ ಒಳಗೆ ಅವಳು ಪೆನ್ನಿನಲ್ಲಿ ಬರೆದುಕೊಂಡಿದ್ದಾಳೆ: ಬಲಗಡೆ ಮೊದಲು, ಎಡಗಡೆ ಒತ್ತು, ಎಳೀಬ್ಯಾಡ. ಅದರ ಕೆಳಗೆ ಈಗ ಹದಿನೈದು ದಿನಕ್ಕೊಂದರಂತೆ ತಾರೀಖುಗಳು ಬೆಳೆಯುತ್ತಿವೆ.